ವಾಂತಿ-ಭೇದಿ ಬಿಟ್ಟ ಮೇಲೆ ಮೊದಲ ಮೊಟ್ಟೆ: ಹಬೆಯಲ್ಲಿ ಬೇಯಿಸುವುದು ಹೀಗೆ

ಮಳೆಗಾಲದಲ್ಲಿ ಹೊಟ್ಟೆ ಕೆಟ್ಟು ಮಲಗಿದವರಿಗೆ ಮಲೆನಾಡಿನ ಮನೆಗಳಲ್ಲಿ ಮೊದಲು ಕೊಡುವುದು ಗಂಜಿ. ಅದೇ ಸರಿ. ವಾಂತಿ ನಿಂತು, ಉಪ್ಪು ಹಾಕಿದ ಗಂಜಿ ಒಂದು ದಿನ ಹೊಟ್ಟೆಯಲ್ಲಿ ಉಳಿದ ಮೇಲೆ ಮೊಟ್ಟೆ ಶುರು ಮಾಡಬಹುದು. ಆಗ ಎಲ್ಲಕ್ಕಿಂತ ಹಗುರ ಹಬೆಯಲ್ಲಿ ಬೆಂದ ಮೊಟ್ಟೆ. ಎಣ್ಣೆ ಬೇಡ, ಅಗಿಯುವ ಕೆಲಸವೂ ಇಲ್ಲ.

ಒಂದು ಮೊಟ್ಟೆ ಒಡೆದು ಚಮಚದಲ್ಲಿ ಅಳೆಯಿರಿ. ಫಾರಂ ಮೊಟ್ಟೆಯಾದರೆ ಸುಮಾರು ಮೂರು ದೊಡ್ಡ ಚಮಚ ಬರುತ್ತದೆ. ನಾಟಿ ಕೋಳಿಯದು ಚಿಕ್ಕದು, ಕಡಿಮೆ ಬರುತ್ತದೆ. ಆದ್ದರಿಂದ ಅಂದಾಜು ಬೇಡ. ಮೊಟ್ಟೆಯ ಎರಡರಷ್ಟು ನೀರು ಬೇಕು, ಕುದಿಸಿ ಆರಿಸಿದ್ದು. ನೀರು ಬಿಸಿಯಿದ್ದರೆ ಮೊಟ್ಟೆ ಅಲ್ಲೇ ಗಂಟಾಗುತ್ತದೆ. ಚಿಟಿಕೆ ಉಪ್ಪು ಹಾಕಿ, ನೊರೆ ಬಾರದಂತೆ ಕಲಸಿ, ಚಹಾ ಸೋಸುವ ಜರಡಿಯಲ್ಲಿ ಸಣ್ಣ ಸ್ಟೀಲ್ ಬಟ್ಟಲಿಗೆ ಸೋಸಿ. ಉಪ್ಪು ರುಚಿಗಷ್ಟೇ ಅಲ್ಲ, ಮೊಟ್ಟೆ ಗಟ್ಟಿಯಾಗಿ ಕೂರಲೂ ನೆರವಾಗುತ್ತದೆ.

ಇಡ್ಲಿ ಪಾತ್ರೆಯಲ್ಲಿ ನೀರು ಕುದಿದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಬಟ್ಟಲು ಇಡಿ. ಹಬೆಯ ಹನಿ ಬೀಳದಂತೆ ಬಟ್ಟಲಿಗೆ ತಟ್ಟೆ ಮುಚ್ಚಿ. ಪಾತ್ರೆಯ ಮುಚ್ಚಳ ಒಂದಿಷ್ಟು ಓರೆಯಾಗಿರಲಿ. ಹತ್ತು ಹನ್ನೆರಡು ನಿಮಿಷಕ್ಕೆ ಚಾಕುವಿನ ತುದಿ ನಡುವೆ ಚುಚ್ಚಿ ನೋಡಿ. ತಿಳಿನೀರು ಬಂದರೆ ಬೆಂದಿದೆ. ಹಳದಿ ನೀರು ಬಂದರೆ ಇನ್ನೆರಡು ನಿಮಿಷ ಬಿಡಿ. ಮೇಲೆಲ್ಲ ತೂತು ಬಿದ್ದು, ಸುತ್ತ ನೀರು ಬಿಟ್ಟು, ರಬ್ಬರಿನಂತಾದರೆ ಉರಿ ಹೆಚ್ಚಾಗಿತ್ತೆಂದೇ ಅರ್ಥ. ಹೆಚ್ಚು ಕಾವಿಗೆ ಮೊಟ್ಟೆ ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ.

ಮೊದಲ ಸಲ ಅರ್ಧ ಸಾಕು, ಬೆಳಿಗ್ಗೆಯೇ ಕೊಡಿ. ಸಂಜೆಯವರೆಗೆ ಹೊಟ್ಟೆನೋವು, ಓಕರಿಕೆ ಇಲ್ಲದಿದ್ದರೆ ಮರುದಿನ ಪೂರ್ತಿ ಕೊಡಬಹುದು. ಆಮೇಲೆ ಕುದಿಯುವ ಗಂಜಿಗೆ ಕಲಸಿದ ಮೊಟ್ಟೆಯನ್ನು ಸಣ್ಣ ಧಾರೆಯಾಗಿ ಬಿಟ್ಟು, ತಿರುಗಿಸುತ್ತ ಎರಡು ನಿಮಿಷ ಕುದಿಸಿ ಕೊಟ್ಟರೂ ಆಯಿತು.

ಶಕ್ತಿ ಬರಲೆಂದು ಹಸಿ ನಾಟಿ ಮೊಟ್ಟೆ ಕುಡಿಸುವುದನ್ನು ದಯವಿಟ್ಟು ಬಿಡಿ. ಸಾಲ್ಮೊನೆಲ್ಲಾ ರೋಗಾಣು ಚಿಪ್ಪಿನ ಮೇಲೆ ಮಾತ್ರವಲ್ಲ, ಒಳಗೂ ಇರಬಹುದು; ನಾಟಿ, ಫಾರಂ ಎಂಬ ಭೇದ ಅದಕ್ಕಿಲ್ಲ. ಹಾಫ್ ಬಾಯಿಲ್ ಕೂಡ ಇದೇ ಕಾರಣಕ್ಕೆ ಬೇಡ. ಆಮ್ಲೆಟ್ಟಿನ ಎಣ್ಣೆ, ಮೇಲೆ ಹಾಕುವ ತುಪ್ಪ ಹೊಟ್ಟೆಯಿಂದ ನಿಧಾನ ಇಳಿಯುತ್ತವೆ, ಓಕರಿಕೆ ಮರಳುತ್ತದೆ. ಕಾಳುಮೆಣಸು, ಹಸಿಮೆಣಸು ಕೆಲವು ದಿನ ತಡೆಯಲಿ. ನೀರಿನ ಬದಲು ಹಾಲು ಹಾಕಬೇಡಿ: ಭೇದಿಯಾದ ಮೇಲೆ ಕರುಳಿಗೆ ಹಾಲಿನ ಸಕ್ಕರೆ ಜೀರ್ಣಿಸುವ ಶಕ್ತಿ ಕೆಲವು ದಿನ ಕುಗ್ಗಿರುತ್ತದೆ, ಹೊಟ್ಟೆ ಉಬ್ಬರಿಸಿ ಮತ್ತೆ ಭೇದಿಯಾಗಬಹುದು. ಉಳಿದದ್ದನ್ನು ಮತ್ತೆ ಬಿಸಿಮಾಡಿ ಕೊಡಬೇಡಿ.

ಮಲದಲ್ಲಿ ರಕ್ತ ಕಂಡರೆ, ಮೂತ್ರ ತೀರಾ ಕಡಿಮೆಯಾದರೆ, ಕುಡಿದ ನೀರೂ ನಿಲ್ಲದಿದ್ದರೆ ಮೊಟ್ಟೆಯ ಮಾತು ಬಿಟ್ಟು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.