ಮೊಣಕೈ ಊರಿ ಊರಿ ಕಿರುಬೆರಳು ಜೋಮು ಹಿಡಿದಾಗ: ನನ್ನ ಅನುಭವ

ಕಲಬುರಗಿ ಗಂಜ್‌ನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು. ತೊಗರಿ ಸೀಸನ್ನಿನಲ್ಲಿ ದಿನವಿಡೀ ಎಡ ಮೊಣಕೈ ಟೇಬಲ್ಲಿನ ಗಾಜಿನ ಮೇಲೆ, ಫೋನು ಕಿವಿಗೆ, ಬಲಗೈಯಲ್ಲಿ ಪೆನ್ನು. ಜನವರಿಯಲ್ಲಿ ಎಡಗೈ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯತೊಡಗಿದವು. ಅಂಗಡಿಗೆ ಬಂದವರೆಲ್ಲ ‘ಕುತ್ತಿಗೆ ನರ ಇರಬೇಕು’ ಅಂದರು.

ಫಿಜಿಯೋಥೆರಪಿಸ್ಟ್ ಮೇಡಂ ಪೆನ್ನಿನ ಕ್ಯಾಪ್ ತಗೊಂಡು ಉಂಗುರಬೆರಳ ಎರಡೂ ಬದಿ ಮೆಲ್ಲಗೆ ಸವರಿದರು. ಕಿರುಬೆರಳ ಕಡೆಯ ಅರ್ಧ ಮಂದ, ಮಧ್ಯದ ಬೆರಳ ಕಡೆಯ ಅರ್ಧ ಸರಿಯಾಗೇ ಇತ್ತು! ಹೀಗೆ ಒಂದೇ ಬೆರಳು ಸೀಳಿದಂತೆ ಆಗೋದು, ಮೊಣಕೈ ಹಿಂದಿನಿಂದ ಕಿರುಬೆರಳ ಕಡೆ ಹೋಗುವ ಅಲ್ನಾರ್ ನರದ ತೊಂದರೆಯ ಗುರುತು. ಕುತ್ತಿಗೆಯದಾದರೆ ಸಾಮಾನ್ಯವಾಗಿ ಉಂಗುರಬೆರಳು ಪೂರ್ತಿ, ಜೊತೆಗೆ ಮುಂಗೈ ಒಳಬದಿಯೂ ಮಂದವಾಗುತ್ತೆ. ನನಗೆ ಅಂಗೈ ಹಿಂಬದಿಯಲ್ಲೂ ಕಿರುಬೆರಳ ಕಡೆ ಮಂದ ಇತ್ತು. ಆ ಜಾಗಕ್ಕೆ ಹೋಗುವ ನರದ ಕವಲು ಮಣಿಕಟ್ಟಿಗಿಂತ ಮೇಲೇ ಒಡೆಯುತ್ತೆ, ಹಾಗಾಗಿ ಒತ್ತಡ ಮಣಿಕಟ್ಟಿನಲ್ಲಲ್ಲ, ಇನ್ನೂ ಮೇಲೆ. ಮೊಣಕೈ ಒಳಗಡೆಯ ಮೂಳೆಯ ಹಿಂದೆ ಬೆರಳಿಂದ ತಟ್ಟಿದಾಗ ಕಿರುಬೆರಳಿನವರೆಗೂ ಕರೆಂಟ್ ಹೊಡೆದಂತಾಯ್ತು.

ಅಲ್ಲಿ ನರಕ್ಕೆ ಮಾಂಸದ ಹೊದಿಕೆ ಇಲ್ಲ, ಊರಿದರೆ ನೇರ ಒತ್ತುತ್ತೆ. ಕೈ ಮಡಚಿದರೆ ನರ ಎಳೆಯುತ್ತೆ, ಅದು ಹಾಯುವ ಸಂದೂ ಬಿಗಿಯಾಗುತ್ತೆ. ಫೋನ್ ಹಿಡಿದು ಮೊಣಕೈ ಊರಿದರೆ ಎರಡೂ ಒಟ್ಟಿಗೇ ಅಲ್ವಾ?

ಹಗಲಿಗೆ ಇಯರ್‌ಫೋನ್ ಹಾಕಿಕೊಂಡೆ, ಟವೆಲ್ ಮಡಚಿ ಮೊಣಕೈ ಬಿಟ್ಟು ಮುಂಗೈ ಕೆಳಗೆ ಇಟ್ಟೆ. ಆದರೂ ಬೆಳಗ್ಗೆ ಏಳುವಾಗ ಜೋಮು ಇದ್ದೇ ಇತ್ತು. ಯಾಕಂದರೆ ನಾನು ತಲೆ ಕೆಳಗೆ ಕೈ ಮಡಚಿ ಮಲಗುವವನು. ಆಮೇಲೆ ದೊಡ್ಡ ಟವೆಲ್ಲನ್ನು ಮೊಣಕೈ ಸುತ್ತ ಸುತ್ತಿ, ಮೇಲೆ ಕ್ರೇಪ್ ಬ್ಯಾಂಡೇಜ್ ಸಡಿಲವಾಗಿ ಸುತ್ತಿದೆ. ಕೈ ಕೋಲಿನಂತೆ ನೇರ ಇರಬೇಕಿಲ್ಲ, ಪೂರ್ತಿ ಮಡಚದಿದ್ದರೆ ಸಾಕು. ಬಿಗಿಯಾಗಿ ಕಟ್ಟಿದರೆ ಅದೇ ಒತ್ತುತ್ತೆ. ನಮ್ಮೂರ ಏಪ್ರಿಲ್ ಸೆಕೆಗೆ ಟವೆಲ್ ಸಾಕಪ್ಪಾ ಅನಿಸಿತು, ಆಗ ಆಟಗಾರರ ಮೊಣಕೈ ಪ್ಯಾಡನ್ನು ತಿರುವಿ, ದಪ್ಪ ಭಾಗ ಮಡಚುವ ಕಡೆ ಬರುವಂತೆ ಹಾಕಿಕೊಂಡೆ. ಎಣ್ಣೆ ಹಚ್ಚಿ ಆ ಜಾಗ ಉಜ್ಜಿ ಅಂತ ಮನೆಯವರು ಹೇಳಿದರು, ಉಜ್ಜಿಲ್ಲ. ಒತ್ತಿ ನೊಂದ ನರವನ್ನು ಮತ್ತೆ ಒತ್ತೋದ್ಯಾಕೆ?

ಬೆಳಗಿನ ಜೋಮು ಮೊದಲು ಹೋಯ್ತು. ಬೆರಳ ತುದಿಯ ಮಂದ ಹೋಗೋಕೆ ತಿಂಗಳುಗಳೇ ಬೇಕಾದವು.

ಇದೆಲ್ಲ ಬರೀ ಜೋಮು ಇರುವಾಗ ಮಾತ್ರ. ಹೆಬ್ಬೆರಳು ನೇರವಾಗಿಟ್ಟು, ಅದರ ಮತ್ತು ತೋರುಬೆರಳ ಬದಿಯ ನಡುವೆ ಕಾಗದ ಹಿಡಿದು ಇನ್ನೊಬ್ಬರಿಂದ ಎಳೆಸಿ ನೋಡಿ. ಹೆಬ್ಬೆರಳ ತುದಿ ಗೆಣ್ಣು ಮಡಚಿಕೊಂಡರೆ ಬಲ ಕುಗ್ಗಿದೆ ಅಂತ ಅರ್ಥ. ಆ ಎರಡು ಬೆರಳ ನಡುವಿನ ಮಾಂಸ ಕುಳಿಬಿದ್ದರೂ ಅಷ್ಟೇ, ಟವೆಲ್ ನಂಬಿ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ ನರದ ಪರೀಕ್ಷೆ ಮಾಡಿಸಿ. ಮೊಣಕೈ ಹಿಂದಿನ ನರ ಹಗ್ಗದಂತೆ ದಪ್ಪ ಸಿಕ್ಕರೆ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ, ಅದು ಕುಷ್ಠರೋಗವೂ ಇರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ.