ರೋಗಿ ಹೇಳಿದ್ದನ್ನು ಕೇಸ್ ಪ್ರೆಸೆಂಟೇಷನ್ ಕ್ರಮಕ್ಕೆ ತರುವುದು: ನನ್ನ ಅನುಭವ

ಹಿಸ್ಟರಿಯ ಕ್ರಮ ಯಾವುದು ಅಂತ ಕೇಳಿದರೆ ಕ್ಲಿನಿಕಲ್ ಪೋಸ್ಟಿಂಗ್‌ಗೆ ಬಂದ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಹೆಸರು, ವಯಸ್ಸು, ಕೆಲಸ, ಊರು. ಆಮೇಲೆ ಚೀಫ್ ಕಂಪ್ಲೇಂಟ್ಸ್, ಹಿಸ್ಟರಿ ಆಫ್ ಪ್ರೆಸೆಂಟಿಂಗ್ ಇಲ್‌ನೆಸ್, ಪಾಸ್ಟ್ ಹಿಸ್ಟರಿ, ಫ್ಯಾಮಿಲಿ, ಪರ್ಸನಲ್, ಹೆಂಗಸರಾದರೆ ಮುಟ್ಟು ಮತ್ತು ಹೆರಿಗೆಯ ವಿವರ. ಇದು ಯಾರಿಗೂ ಕಷ್ಟ ಅಲ್ಲ. ರೋಗಿ ಹೇಳಿದ ಒಂದು ಮಾತು ಇದರಲ್ಲಿ ಯಾವ ಜಾಗಕ್ಕೆ ಹೋಗಬೇಕು ಅನ್ನುವುದೇ ಕಷ್ಟ. ನಾನು ಮಡಿಕೇರಿಯಲ್ಲಿ ಓದುವಾಗ ಮೆಡಿಸಿನ್ ವಾರ್ಡ್‌ನಲ್ಲಿ ತೆಗೆದುಕೊಂಡ ಒಂದು ಕೇಸನ್ನೇ ಇಟ್ಟುಕೊಂಡು ಹೇಳುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಆಗ ಜುಲೈ ತಿಂಗಳು, ಜೋರು ಮಳೆ. 32 ವರ್ಷದ ಹೆಂಗಸು, ಕಾಫಿ ತೋಟದ ಕೆಲಸ, ಲೈನ್ ಮನೆಯಲ್ಲಿ ವಾಸ. "ಏನಾಯ್ತು ಅಕ್ಕ?" ಅಂದೆ. ಅವರು ಹೇಳಿದ್ದು ಸುಮಾರು ಹೀಗೆ: "ಕಾಲು ಊದಿದೆ ಡಾಕ್ಟ್ರೇ, ಅದಕ್ಕೇ ಬಂದೆ. ಚಿಕ್ಕವಳಿದ್ದಾಗ ಕೀಲು ನೋವು ಬಂದಿತ್ತು, ಆಗ ಮೂರು ವಾರಕ್ಕೊಂದು ಇಂಜೆಕ್ಷನ್ ಕೊಡ್ತಿದ್ರು, ಮದುವೆ ಆದ್ಮೇಲೆ ಬಿಟ್ಟೆ. ರಾತ್ರಿ ನಿದ್ದೆ ಇಲ್ಲ. ಹುತ್ತರಿ ಕಳೆದ ಮೇಲೆ ಏರು ಹತ್ತೋಕೆ ಆಗಲ್ಲ, ಉಬ್ಬಸ ಬರುತ್ತೆ, ಎದೆ ಡಬಡಬ ಅನ್ನುತ್ತೆ. ಚಿಕ್ಕ ಮಗ ಹೊಟ್ಟೇಲಿದ್ದಾಗಲೂ ಹೀಗೇ ಆಗಿತ್ತು."

ನಾನು ಮೊದಲು ಇದನ್ನು ಅವರ ಮಾತಲ್ಲೇ, ಅವರು ಹೇಳಿದ ಸರದಿಯಲ್ಲೇ ಬರೆದುಕೊಂಡೆ, ಎಡಗಡೆ ಅಗಲ ಜಾಗ ಬಿಟ್ಟು. ಕೇಳುತ್ತಾ ಕೇಳುತ್ತಾ ನೇರವಾಗಿ ಪ್ರೊಫಾರ್ಮಾ ತುಂಬೋದು ನನಗೆ ಸರಿ ಅನ್ನಿಸಲ್ಲ, ಯಾಕಂದ್ರೆ ಮಾತು ಕಿವಿಗೆ ಬಿದ್ದ ತಕ್ಷಣ ಅದರ ಜಾಗ ಗೊತ್ತಾಗುವುದಿಲ್ಲ. ಆಮೇಲೆ ಎಡಗಡೆ ಒಂದೊಂದು ಸಾಲಿಗೂ ಕಾಲ ಹಾಕಿದೆ. ಇಲ್ಲಿನವರು ತಿಂಗಳ ಲೆಕ್ಕ ಹೇಳುವುದು ಕಡಿಮೆ. ಹುತ್ತರಿ, ಕಾವೇರಿ ತೀರ್ಥ, ಕಾಫಿ ಕೊಯ್ಲು, ಮಳೆ ಹಿಡಿದದ್ದು, ಇವೇ ಅವರ ಕ್ಯಾಲೆಂಡರ್. ಹುತ್ತರಿ ಬಂದದ್ದು ಡಿಸೆಂಬರ್ ಹತ್ತಿರ, ಅಂದರೆ 7 ತಿಂಗಳು. ಕಾಲು ಊದಿ 2 ವಾರ. ಚಿಕ್ಕ ಮಗನಿಗೆ 6 ವರ್ಷ. ಕೀಲು ನೋವು ಬಂದಾಗ ಇವರಿಗೆ ಸುಮಾರು 11.

ಈಗ ಮುಖ್ಯ ಪ್ರಶ್ನೆ: ಈ ಕಾಯಿಲೆ ಶುರುವಾದದ್ದು ಯಾವಾಗ? ಅವರು ಆಸ್ಪತ್ರೆಗೆ ಬಂದದ್ದು ಕಾಲೂತಕ್ಕೆ. ಆದರೆ ಚೀಫ್ ಕಂಪ್ಲೇಂಟ್ಸ್ ಬರೆಯುವುದು ಯಾವುದು ಮೊದಲು ಬಂತು ಅನ್ನುವ ಲೆಕ್ಕದಲ್ಲಿ, ಯಾವುದು ಜಾಸ್ತಿ ತೊಂದರೆ ಕೊಡ್ತಿದೆ ಅಂತಲ್ಲ. ಹಾಗಾಗಿ ಉಬ್ಬಸ ಮೊದಲು, ಕಾಲೂತ ಕೊನೆಗೆ. ಉಬ್ಬಸ 7 ತಿಂಗಳಿಂದಲೋ, 6 ವರ್ಷದಿಂದಲೋ? ಬಸುರಿಯಾಗಿದ್ದಾಗ ಬಂದ ಉಬ್ಬಸವನ್ನು ಹೆರಿಗೆಯ ವಿವರಕ್ಕೆ ತಳ್ಳಿಬಿಡುವುದು ಸುಲಭ. ಆದರೆ ಅದಕ್ಕೂ ಮುಂಚೆ ಮತ್ತೆ ಹೋಗಿ ಒಂದು ಮಾತು ಕೇಳಲೇಬೇಕು: ಮಧ್ಯದಲ್ಲಿ ಪೂರ್ತಿ ಚೆನ್ನಾಗಿದ್ರಾ?

ಕೇಳಿದೆ. "ಹೆರಿಗೆ ಆದ್ಮೇಲೆ ಕಡಿಮೆ ಆಯ್ತು. ಆದ್ರೆ ಮೊದಲಿನ ಥರ ಚೀಲ ಹೊತ್ತು ಏರು ಹತ್ತೋಕೆ ಆಗಲೇ ಇಲ್ಲ, ಖಾಲಿ ಕೈಯಲ್ಲಾದ್ರೆ ಹತ್ತುತ್ತಿದ್ದೆ" ಅಂದರು. ಅಲ್ಲಿಗೆ ತೀರ್ಮಾನವಾಯಿತು. ಉಬ್ಬಸ ಪೂರ್ತಿ ಹೋಗೇ ಇಲ್ಲ, ಕಡಿಮೆಯಾಗಿ ನಿಂತಿತ್ತು ಅಷ್ಟೆ. ಹಾಗಾಗಿ ಪ್ರೆಸೆಂಟಿಂಗ್ ಇಲ್‌ನೆಸ್ ಶುರುವಾಗುವುದು "6 ವರ್ಷದ ಹಿಂದಿನವರೆಗೂ ಚೆನ್ನಾಗಿದ್ದರು, ಎರಡನೇ ಬಸುರಿನ ಏಳನೇ ತಿಂಗಳಲ್ಲಿ..." ಅಂತ. ನಡುವೆ ವರ್ಷಗಟ್ಟಲೆ ಏನೂ ತೊಂದರೆ ಇಲ್ಲದೆ ಇದ್ದಿದ್ದರೆ ಅದು ಪಾಸ್ಟ್ ಹಿಸ್ಟರಿಗೆ ಹೋಗುತ್ತಿತ್ತು. ಬಸುರಿನಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹೃದಯ ಬೇಗ ಬೇಗ ಬಡಿಯುತ್ತದೆ. ಮೈಟ್ರಲ್ ವಾಲ್ವ್ ಕಿರಿದಾಗಿದ್ದರೆ ಅದರ ಮೂಲಕ ರಕ್ತ ಇಳಿಯಲು ಸಮಯ ಸಾಲುವುದಿಲ್ಲ, ಒತ್ತಡ ಶ್ವಾಸಕೋಶಕ್ಕೆ ಬೀಳುತ್ತದೆ. ಅದುವರೆಗೂ ಗೊತ್ತಾಗದ ಮೈಟ್ರಲ್ ಸ್ಟೆನೋಸಿಸ್ ಮೊದಲು ಕಾಣಿಸಿಕೊಳ್ಳುವುದು ಎಷ್ಟೋ ಸಲ ಆಗಲೇ. ಇದನ್ನು ಹೆರಿಗೆಯ ವಿವರದಲ್ಲಿ ಮಾತ್ರ ಬರೆದರೆ ಕೇಳುವವರಿಗೆ ಕಾಯಿಲೆಯ ಮೊದಲ ಹೆಜ್ಜೆಯೇ ತಪ್ಪಿಹೋಗುತ್ತದೆ.

ಹಾಗೇ "ರಾತ್ರಿ ನಿದ್ದೆ ಇಲ್ಲ" ಅನ್ನುವ ಮಾತು. ಪರ್ಸನಲ್ ಹಿಸ್ಟರಿಯಲ್ಲಿ ನಿದ್ದೆ ಅಂತ ಒಂದು ಸಾಲೇ ಇರುತ್ತದೆ, ಕೈ ಸುಮ್ನೆ ಅಲ್ಲಿಗೆ ಹೋಗುತ್ತದೆ. ಯಾಕೆ ಇಲ್ಲ ಅಂತ ಕೇಳಿ ನೋಡಿ. ಮಲಗಿ ಎರಡು ಮೂರು ಗಂಟೆಯಾದ ಮೇಲೆ ಉಸಿರು ಕಟ್ಟಿದ ಹಾಗಾಗಿ ಎದ್ದು, ಕಾಲು ಕೆಳಗೆ ಬಿಟ್ಟು ಕೂರುತ್ತಿದ್ದರಂತೆ, ಸ್ವಲ್ಪ ಹೊತ್ತಲ್ಲಿ ಸರಿಹೋಗುತ್ತಿತ್ತು. ಇದು ನಿದ್ದೆಯ ತೊಂದರೆ ಅಲ್ಲ, ಪ್ಯಾರಾಕ್ಸಿಸ್ಮಲ್ ನಾಕ್ಟರ್ನಲ್ ಡಿಸ್ಪ್ನಿಯಾ. ಒಂದು ತಿಂಗಳಿಂದ ಇದೆ. ಹಾಗಾಗಿ ಉಬ್ಬಸದ ಪ್ಯಾರಾದೊಳಗೆ, 7 ತಿಂಗಳ ಮಾತಾದ ಮೇಲೆ, ಕಾಲೂತಕ್ಕಿಂತ ಮುಂಚೆ ಅದರ ಜಾಗ. ಪರ್ಸನಲ್ ಹಿಸ್ಟರಿಯಲ್ಲಿ ನಿದ್ದೆ ಎದುರು "ಉಬ್ಬಸದಿಂದ ಕೆಟ್ಟಿದೆ" ಅಂತ ಒಂದೇ ಮಾತು ಸಾಕು.

ಉಬ್ಬಸ ಎಷ್ಟು ಅನ್ನುವುದನ್ನು ಎನ್‌ವೈಎಚ್‌ಎ ಗ್ರೇಡ್‌ನಲ್ಲಿ ಹೇಳಬೇಕು. ಆದರೆ ಬರೀ ಗ್ರೇಡ್ 3 ಅಂದರೆ ನಂಬುವುದು ಹೇಗೆ? 6 ವರ್ಷದ ಹಿಂದೆ ಚೀಲ ಹೊತ್ತು ಏರು ಹತ್ತಿದರೆ ಮಾತ್ರ ಉಬ್ಬಸ, 7 ತಿಂಗಳಿಂದ ಖಾಲಿ ಕೈಯಲ್ಲೂ ಏರು ಆಗಲ್ಲ, ಈಗ ಲೈನ್ ಮನೆಯಿಂದ ನಲ್ಲಿಯವರೆಗೆ ಸಮತಟ್ಟಲ್ಲಿ ನಡೆದರೂ ನಿಂತು ಉಸಿರು ತಗೋಬೇಕು. ಹೀಗೆ ಅವರ ಕೆಲಸದಲ್ಲೇ ಹೇಳಿ, ಆಮೇಲೆ ಗ್ರೇಡ್ ಹೇಳಿದೆ.

ಕಾಲೂತದಲ್ಲೂ ಕ್ರಮವೇ ಕಾಯಿಲೆಯನ್ನು ತೋರಿಸುತ್ತದೆ. ಮೊದಲು ಪಾದ, ಸಂಜೆ ಹೊತ್ತಿಗೆ ಜಾಸ್ತಿ, ಆಮೇಲೆ ಹೊಟ್ಟೆ ಅಂದರೆ ಹೃದಯದ ಕಡೆ ಯೋಚನೆ. ಬೆಳಗ್ಗೆ ಎದ್ದಾಗ ಮುಖ ಮೊದಲು ಊದಿದ್ದರೆ ಕಿಡ್ನಿ, ಹೊಟ್ಟೆ ಮೊದಲಾದರೆ ಲಿವರ್. ಹಾಗಾಗಿ "ಕಾಲು, ಮುಖ, ಹೊಟ್ಟೆ ಊತ" ಅಂತ ಒಟ್ಟಿಗೆ ಬರೆದರೆ ಏನೂ ಹೇಳಿದ ಹಾಗಾಗಲ್ಲ. ಇವರಿಗೆ ಮುಖ ಊದಿರಲಿಲ್ಲ, ಮೂತ್ರ ಕಡಿಮೆಯಾಗಿರಲಿಲ್ಲ. ಇದು ನೆಗೆಟಿವ್ ಹಿಸ್ಟರಿ, ಅದನ್ನು ಅಲ್ಲೇ ಪ್ರೆಸೆಂಟಿಂಗ್ ಇಲ್‌ನೆಸ್ ಕೊನೆಯಲ್ಲಿ ಹೇಳಬೇಕು. ಜ್ವರ ಇಲ್ಲ, ಕಫದಲ್ಲಿ ರಕ್ತ ಇಲ್ಲ, ಎಚ್ಚರ ತಪ್ಪಿಲ್ಲ, ಕೈಕಾಲು ಸ್ವಾಧೀನ ತಪ್ಪಿಲ್ಲ. ಪ್ರತಿಯೊಂದಕ್ಕೂ ಕಾರಣ ಗೊತ್ತಿರಬೇಕು. ಜ್ವರ ಕೇಳಿದ್ದು ವಾಲ್ವ್‌ನ ಸೋಂಕಿಗೆ, ಸ್ವಾಧೀನ ಕೇಳಿದ್ದು ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿದೆಯಾ ಅಂತ.

ಉಳಿದದ್ದು ಕೀಲು ನೋವು. 11 ವರ್ಷಕ್ಕೆ ಮಂಡಿಯಿಂದ ಮೊಣಕೈಗೆ, ಅಲ್ಲಿಂದ ಪಾದದ ಗಂಟಿಗೆ ಹಾರುತ್ತಾ ಹೋದ ನೋವು, ಊತ. ವಾಸಿಯಾಗಿ ಕೀಲಿನಲ್ಲಿ ಏನೂ ಉಳಿಯಲಿಲ್ಲ. ಇದು ಪಾಸ್ಟ್ ಹಿಸ್ಟರಿ. ರುಮ್ಯಾಟಿಕ್ ಹೃದಯದ ಕಾಯಿಲೆ ಅಂತ ಕಾಣುತ್ತಿದ್ದರೂ ಈ ಸಾಲನ್ನು ಎತ್ತಿ ಮೇಲೆ ಹಾಕಲು ನನಗೆ ಇಷ್ಟವಿಲ್ಲ. ಮೊದಲೇ ಹೇಳಿಬಿಟ್ಟರೆ ಕೇಳುವವರು ಉಬ್ಬಸಕ್ಕೆ ಬೇರೆ ಕಾರಣ ಯೋಚಿಸುವುದನ್ನೇ ಬಿಡುತ್ತಾರೆ. ಕೆಲವು ಯೂನಿಟ್‌ಗಳಲ್ಲಿ ಇದನ್ನೂ ಪ್ರೆಸೆಂಟಿಂಗ್ ಇಲ್‌ನೆಸ್‌ನಲ್ಲೇ ಹೇಳಿಸುತ್ತಾರೆ, ನಿಮ್ಮ ಸರ್ ಅಥವಾ ಮೇಡಂ ಹತ್ತಿರ ಮೊದಲೇ ಕೇಳಿಕೊಳ್ಳಿ.

ಇಂಜೆಕ್ಷನ್ ಮಾತು ಟ್ರೀಟ್‌ಮೆಂಟ್ ಹಿಸ್ಟರಿಗೆ. ಅವರ ಅತ್ತೆ ಮನೆಯಿಂದ ಹಳೇ ಚೀಟಿ ತಂದರು: ಬೆಂಜಥೈನ್ ಪೆನಿಸಿಲಿನ್ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ. 22ನೇ ವರ್ಷಕ್ಕೆ ಮದುವೆ, ಆಗ ನಿಲ್ಲಿಸಿದ್ದು. ಎಷ್ಟು ವರ್ಷ ತಗೊಂಡರು, ಯಾವಾಗ ಬಿಟ್ಟರು, ಯಾಕೆ ಬಿಟ್ಟರು, ಮೂರೂ ಬೇಕು. ಚೀಟಿ ಇಲ್ಲದೆ ಬರೀ ನೆನಪಿನಿಂದ ಹೇಳಿದ್ದಾದರೆ "ರೋಗಿ ಹೇಳಿದಂತೆ" ಅಂತ ಸೇರಿಸಿ.

ಇಷ್ಟಾದ ಮೇಲೆ ಸಮ್ಮರಿ ಎರಡು ಸಾಲಲ್ಲಿ ತಾನಾಗೇ ಬಂತು: 32 ವರ್ಷದ ತೋಟದ ಕೆಲಸದವರು, 6 ವರ್ಷದಿಂದ ಹೆಚ್ಚುತ್ತಾ ಬಂದ ಉಬ್ಬಸ, 7 ತಿಂಗಳಿಂದ ಎದೆಬಡಿತ, 2 ವಾರದಿಂದ ಪಾದದಿಂದ ಶುರುವಾದ ಊತ. ಚಿಕ್ಕಂದಿನಲ್ಲಿ ಹಾರುವ ಕೀಲು ನೋವು, 10 ವರ್ಷದಿಂದ ಪೆನಿಸಿಲಿನ್ ಇಲ್ಲ.