ಕ್ಯಾರೆಟ್ ಹಲ್ವ ನೀರಾಗೋದು ಎಲ್ಲಿ?

ಮೊದಲ ಸಲ ನಾನು ಹಲ್ವಕ್ಕೆ ಕ್ಯಾರೆಟ್ಟನ್ನು ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದ್ದೆ. ಬಂದವರು ಅದನ್ನು ಪಾಯಸ ಅಂದುಕೊಂಡು ಲೋಟದಲ್ಲಿ ಕೇಳಿದರು! ಕುಕ್ಕರಿನಲ್ಲಿ ನೀರು ಹೊರಗೆ ಹೋಗಲು ಹೆಚ್ಚು ದಾರಿ ಇರುವುದಿಲ್ಲ, ಅಲ್ವಾ?

ಹಲ್ವದಲ್ಲಿ ನೀರು ಮೂರು ಸಲ ಬರುತ್ತದೆ: ಕ್ಯಾರೆಟ್ಟಿನಿಂದ, ಹಾಲಿನಿಂದ, ಸಕ್ಕರೆ ಹಾಕಿದ ಮೇಲೆ. ಒಂದು ಇಂಗಿದ ಮೇಲೇ ಇನ್ನೊಂದಕ್ಕೆ ಹೋಗಬೇಕು.

ಒಂದು ಕೆಜಿ ಕ್ಯಾರೆಟ್ಟಿಗೆ ಮುಕ್ಕಾಲು ಲೀಟರ್ ಗಟ್ಟಿ ಹಾಲು, 200 ಗ್ರಾಂ ಸಕ್ಕರೆ, ಐದು ದೊಡ್ಡ ಚಮಚ ತುಪ್ಪ ಸಾಕು. ಚಳಿಗಾಲದಲ್ಲಿ ಸಿಗುವ ಕೆಂಪು ಡೆಲ್ಲಿ ಕ್ಯಾರೆಟ್ ಸಿಕ್ಕರೆ ಬಣ್ಣದ ಅರ್ಧ ಕೆಲಸ ಮುಗಿದಂತೆ. ಊಟಿ ಕ್ಯಾರೆಟ್ ಆದರೆ ಕಿತ್ತಳೆ ಬಣ್ಣವೇ ಬರುತ್ತದೆ, ಅದಕ್ಕೆ ಬಣ್ಣದ ಪುಡಿ ಸುರಿಯಬೇಡಿ. ನಡುವಿನ ದಿಂಡು ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ತೆಗೆದುಬಿಡಿ. ತುರಿಮಣೆಯಲ್ಲೇ ತುರಿಯಿರಿ, ಮಿಕ್ಸಿಗೆ ಹಾಕಿದರೆ ಮುದ್ದೆಯಾಗಿ ಆಗಲೇ ನೀರು ಬಿಟ್ಟುಕೊಳ್ಳುತ್ತದೆ.

ಅಗಲ ಬಾಯಿಯ, ದಪ್ಪ ತಳದ ಬಾಣಲೆ ಇಡಿ. ಮೂರು ಚಮಚ ತುಪ್ಪ ಬಿಸಿಯಾದ ಮೇಲೆ ತುರಿ ಹಾಕಿ, ಮುಚ್ಚಳ ಮುಚ್ಚದೆ ಹತ್ತು–ಹನ್ನೆರಡು ನಿಮಿಷ ಹುರಿಯಿರಿ. ಹಾಲಿಗೆ ಮೊದಲು ತುಪ್ಪ ಏಕೆಂದರೆ ಕ್ಯಾರೆಟ್ಟಿನ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅಂಚಿನಲ್ಲಿ ನಿಂತ ತುಪ್ಪ ಕೇಸರಿ ಬಣ್ಣಕ್ಕೆ ತಿರುಗಿರುವುದು ಕಣ್ಣಿಗೇ ಕಾಣುತ್ತದೆ. ತುರಿ ಕುಗ್ಗಿ, ಹಸಿ ವಾಸನೆ ಹೋಗಿರಬೇಕು.

ಈಗ ಕಾದ ಹಾಲು ಹಾಕಿ. ಜಾಸ್ತಿ ಹಾಲು ಹಾಕಿದರೆ ರುಚಿ ಜಾಸ್ತಿ ಅಂತ ಸುರಿಯಬೇಡಿ, ಅದು ಬತ್ತುವಷ್ಟರಲ್ಲಿ ಹಲ್ವ ಕಂದು ಬಣ್ಣಕ್ಕೆ ತಿರುಗಿ ಮಂಕಾಗುತ್ತದೆ. ಮಧ್ಯಮ ಉರಿಯಲ್ಲಿ ಅರ್ಧ ಗಂಟೆ ಹಿಡಿಯಬಹುದು, ಪಕ್ಕಕ್ಕೆ ಅಂಟಿದ ಕೆನೆಯನ್ನು ಕೆರೆದು ಒಳಗೆ ಸೇರಿಸುತ್ತಿರಿ, ಕೊನೆಗೆ ತಳ ಹಿಡಿಯುವ ಭಯ ಇರುವುದರಿಂದ ಬಾಣಲೆ ಬಿಟ್ಟು ಹೋಗಬೇಡಿ. ಸೌಟಿನಿಂದ ನಡುವೆ ಒಂದು ಗೆರೆ ಎಳೆಯಿರಿ. ಗೆರೆಯೊಳಗೆ ಹಾಲು ಜಿನುಗಿ ಬಂದರೆ ಇನ್ನೂ ಆಗಿಲ್ಲ. ಸುಮಾರು ಜನ ಎಡವುವುದು ಇಲ್ಲೇ, ಬತ್ತಿದಂತೆ ಕಂಡಿತು ಅಂತ ಅವಸರದಲ್ಲಿ ಸಕ್ಕರೆ ಹಾಕಿಬಿಡುತ್ತಾರೆ.

ಗೆರೆ ಹಾಗೇ ನಿಂತಾಗ ಸಕ್ಕರೆ ಹಾಕಿ. ಎರಡೇ ನಿಮಿಷದಲ್ಲಿ ಎಲ್ಲ ಮತ್ತೆ ತೆಳ್ಳಗಾಗುತ್ತದೆ, ಗಾಬರಿ ಬೇಡ. ಉರಿ ಸ್ವಲ್ಪ ಏರಿಸಿ, ಹತ್ತು ನಿಮಿಷ ಕೈಯಾಡಿಸಿ, ಉಳಿದ ಎರಡು ಚಮಚ ತುಪ್ಪ ಸೇರಿಸಿ. ಹಲ್ವ ತಳ ಬಿಟ್ಟು ಒಂದೇ ಮುದ್ದೆಯಾಗಿ ಸೌಟಿನ ಜೊತೆ ತಿರುಗಿದರೆ ಒಲೆ ಆರಿಸಿ. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ, ಹಾಗಾಗಿ ಪೂರ್ತಿ ಒಣಗಿಸಬೇಡಿ.

ಇಷ್ಟಾದರೂ ತಟ್ಟೆಯಲ್ಲಿ ನೀರು ಒಡೆದರೆ ಮತ್ತೆ ಬಾಣಲೆಗೆ ಹಾಕಿ ಬತ್ತಿಸಿ. ಕೆಲವರು ಹಾಲಿನ ಪುಡಿ ಉದುರಿಸುತ್ತಾರೆ, ಗಟ್ಟಿಯೇನೋ ಆಗುತ್ತದೆ, ಆದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಏಲಕ್ಕಿ, ಹುರಿದ ಗೋಡಂಬಿ ಕೊನೆಗೆ.